ಕೇಸ್ ಶೀಟಿನ ಒಂದು ಸಾಲಿಗೆ ಕ್ಲೇಮ್ ಹೋದಾಗ

ಪ್ರಶ್ನೆ: ಅಪ್ಪನಿಗೆ 58 ವರ್ಷ. 2025ರ ನವೆಂಬರ್‌ನಲ್ಲಿ ಎದೆನೋವು ಬಂದು ಹಾಸನದಲ್ಲಿ ಸ್ಟೆಂಟ್ ಹಾಕಿಸಿದೆವು. ಬಿಲ್ಲು 2,10,000 ರೂಪಾಯಿ. ಪಾಲಿಸಿ ಮಾಡಿಸಿದ್ದು 2024ರ ಜುಲೈನಲ್ಲಿ. ‘ಬಿಪಿ 3 ವರ್ಷದಿಂದ ಇತ್ತು, ಮುಚ್ಚಿಟ್ಟಿದ್ದೀರಿ’ ಅಂತ ಕ್ಲೇಮ್ ತಿರಸ್ಕರಿಸಿದ್ದಾರೆ. ಅಪ್ಪ ಬಿಪಿ ಮಾತ್ರೆ ಶುರು ಮಾಡಿದ್ದೇ 2025ರ ಜನವರಿಯಲ್ಲಿ. ಈಗ ಏನು ಮಾಡೋದು? — ಬೇಲೂರು

ಉತ್ತರ: ಆ ‘3 ವರ್ಷ’ ಎಲ್ಲಿಂದ ಬಂತು ಅಂತ ಮೊದಲು ಹುಡುಕಿ. ಇದನ್ನು ಯಾರೂ ಮಾಡುವುದಿಲ್ಲ. ಪತ್ರ ಬಂದ ದಿನ ಏಜೆಂಟ್ ಹತ್ತಿರ ಜಗಳ ಆಡುತ್ತಾರೆ, ಕಾಲ್ ಸೆಂಟರ್‌ಗೆ ನಾಲ್ಕು ಸಲ ಫೋನ್ ಮಾಡುತ್ತಾರೆ, ಆಮೇಲೆ ಹಣೆಬರಹ ಅಂತ ಸುಮ್ಮನಾಗುತ್ತಾರೆ. ನಾನು ವರ್ಷಗಟ್ಟಲೆ ಕ್ಲೇಮ್ ವಿಭಾಗದಲ್ಲಿ ಕೂತು ಇಂಥ ಫೈಲು ನೋಡಿದ್ದೇನೆ. ಅಲ್ಲಿ ಮೊದಲು ತೆಗೆಯುವುದೇ ಕೇಸ್ ಶೀಟಿನ ಮೊದಲ ಪುಟ. ಎಷ್ಟೋ ತಿರಸ್ಕಾರಗಳು ಆ ಪುಟದ ಒಂದೇ ಸಾಲಿನ ಮೇಲೆ ನಿಂತಿರುತ್ತವೆ.

ಸಕಲೇಶಪುರ ಕಡೆಯ ಒಬ್ಬ ಎಸ್ಟೇಟ್ ರೈಟರ್ ಇಂಥದ್ದೇ ಪತ್ರ ಹಿಡಿದು ನನ್ನ ಹತ್ತಿರ ಬಂದಿದ್ದರು. ಅವರನ್ನು ಆಸ್ಪತ್ರೆಗೆ ತಂದಾಗ ರಾತ್ರಿ ಹನ್ನೊಂದಾಗಿತ್ತು. ಡ್ಯೂಟಿ ಡಾಕ್ಟರ್ ‘ಬಿಪಿ ಇದೆಯಾ? ಎಷ್ಟು ವರ್ಷದಿಂದ?’ ಅಂತ ಕೇಳಿದ್ದಾರೆ. ಹೆಂಡತಿ ಗಾಬರಿಯಲ್ಲಿ ‘ಎರಡು ಮೂರು ವರ್ಷ ಇರಬಹುದೇನೋ ಸಾರ್’ ಅಂದಿದ್ದಾರೆ. ಡಾಕ್ಟರ್ 3 ವರ್ಷ ಅಂತ ಬರೆದರು. ಅದೇ ಡಿಸ್ಚಾರ್ಜ್ ಸಮ್ಮರಿಗೆ ಟೈಪ್ ಆಯಿತು. ಅಲ್ಲಿಂದ ತಿರಸ್ಕಾರದ ಪತ್ರಕ್ಕೆ ಹೋಯಿತು. ಕೇಸ್ ಶೀಟ್ ತರಿಸಿ ನೋಡಿದೆವು. ಆ ಸಾಲಿನ ಮೇಲೇ ‘ಮಾಹಿತಿ ಕೊಟ್ಟವರು: ಪತ್ನಿ’ ಅಂತ ಇತ್ತು. ಎರಡು ಪುಟ ಆಚೆ, ನರ್ಸ್ ತುಂಬಿದ ಹಾಳೆಯಲ್ಲಿ ಅದೇ ಬಿಪಿ ‘1 ವರ್ಷ’ ಆಗಿತ್ತು. ಒಂದೇ ರಾತ್ರಿ, ಒಂದೇ ರೋಗಿ, ಎರಡು ಲೆಕ್ಕ.

ನೀವೂ ಇಲ್ಲಿಂದಲೇ ಶುರು ಮಾಡಿ. ಪೂರ್ತಿ ಒಳರೋಗಿ ದಾಖಲೆಯ ಪ್ರತಿ ಬೇಕು ಅಂತ ಆಸ್ಪತ್ರೆಗೆ ಲಿಖಿತವಾಗಿ ಕೇಳಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡಾವಳಿ ನಿಯಮದಲ್ಲೇ ಇದೆ. ಆಮೇಲೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಕಂಡು ಒಂದು ಪತ್ರ ಕೇಳಿ: ಬಿಪಿಯ ಅವಧಿಯನ್ನು ಮನೆಯವರು ಹೇಳಿದಂತೆ ಬರೆದಿದ್ದೇವೆ, ಹಳೆಯ ಚೀಟಿ ಯಾವುದನ್ನೂ ನೋಡಿ ಬರೆದದ್ದಲ್ಲ, ಅಷ್ಟೇ. ದಯವಿಟ್ಟು ಕೇಸ್ ಶೀಟ್ ತಿದ್ದಿಸಲು ಹೋಗಬೇಡಿ. 3 ಅಳಿಸಿ 1 ಮಾಡಿದ ಹಾಳೆ ಕಂಪನಿಯ ಕೈಗೆ ಸಿಕ್ಕರೆ, ಗೆಲ್ಲುವ ಕೇಸೂ ವಂಚನೆಯ ಕೇಸಾಗುತ್ತದೆ. ಕಂಪನಿಯ ತನಿಖೆಯವರು ಮೊದಲೇ ಒಂದು ಪ್ರತಿ ಒಯ್ದಿರುತ್ತಾರೆ, ನೆನಪಿರಲಿ.

ಇನ್ನು ಬಿಪಿ ಗೊತ್ತಾದದ್ದು ಯಾವಾಗ ಅನ್ನುವುದಕ್ಕೆ ನಿಮ್ಮ ಕಡೆಯ ಸಾಕ್ಷಿ. ಕಾನೂನಿನಲ್ಲಿ ‘ಮೊದಲೇ ಇದ್ದ ಕಾಯಿಲೆ’ ಅಂದರೆ, ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಡಾಕ್ಟರ್ ಪತ್ತೆ ಮಾಡಿದ್ದು, ಅಥವಾ ಅದಕ್ಕೆ ಸಲಹೆ, ಚಿಕಿತ್ಸೆ ಕೊಟ್ಟದ್ದು. ಮೈಯೊಳಗೆ ಯಾರಿಗೂ ತಿಳಿಯದೆ ಇದ್ದಿರಬಹುದಾದ ಬಿಪಿ ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ 2025ರ ಜನವರಿಯ ಮೊದಲ ಚೀಟಿ ಹುಡುಕಿ, ಮೆಡಿಕಲ್ ಶಾಪಿನ ಬಿಲ್ಲು ಹುಡುಕಿ. ಅದಕ್ಕಿಂತ ಗಟ್ಟಿಯಾದದ್ದು, ಪಾಲಿಸಿಗೆ ಮುಂಚೆ ಬಿಪಿ ಸರಿಯಾಗಿತ್ತು ಅನ್ನುವ ದಾಖಲೆ. ಎಸ್ಟೇಟ್ ರೈಟರ್‌ಗೆ ಪಾಲಿಸಿಗೆ ಏಳು ತಿಂಗಳ ಮುಂಚೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಅದನ್ನು ಪ್ರಪೋಸಲ್ ಫಾರಂನಲ್ಲಿ ಬರೆದೂ ಇದ್ದರು. ಆಪರೇಷನ್‌ಗೆ ಮುಂಚೆ ತಪಾಸಣೆ ಮಾಡಿದ ಹಾಳೆಯಲ್ಲಿ ಬಿಪಿ 126/80, ‘ಬಿಪಿ, ಶುಗರ್ ಇಲ್ಲ’ ಅಂತ ಇತ್ತು. ಮನೆಯ ಟ್ರಂಕಿನಲ್ಲಿ ಕನ್ನಡಕದ ಡಬ್ಬಿಯ ಕೆಳಗೆ ಸಿಕ್ಕಿದ ಹಾಳೆ ಅದು.

ಇಷ್ಟು ಕೈಗೆ ಬಂದ ಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ಪುಟ ಸಾಕು. ಗೋಳು ಬೇಡ, ತಾರೀಖು ಇರಲಿ. ಎರಡು ಪ್ರಶ್ನೆ ಖಂಡಿತ ಕೇಳಿ: 2024ರ ಜುಲೈಗೆ ಮುಂಚೆ ಬಿಪಿ ಪತ್ತೆಯಾಗಿತ್ತು ಅನ್ನುವುದಕ್ಕೆ ನಿಮ್ಮ ಹತ್ತಿರ ಯಾವ ಚೀಟಿ ಇದೆ? ಈ ತಿರಸ್ಕಾರವನ್ನು ನಿಮ್ಮ ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪಿದೆಯೇ? ಆ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಪಾಲಿಸಿಯನ್ನೂ ರದ್ದು ಮಾಡಿದ್ದರೆ ಅದನ್ನು ಮತ್ತೆ ಚಾಲ್ತಿಗೆ ತನ್ನಿ ಅಂತ ಅದೇ ಪತ್ರದಲ್ಲಿ ಕೇಳಿ. ದುಡ್ಡಿನ ಗಡಿಬಿಡಿಯಲ್ಲಿ ಇದನ್ನು ಜಾಸ್ತಿ ಜನ ಮರೆಯುತ್ತಾರೆ.

‘ಬಿಪಿಗೂ ಹಾರ್ಟಿಗೂ ಸಂಬಂಧ ಇಲ್ಲ’ ಅಂತ ಮಾತ್ರ ವಾದ ಮಾಡಬೇಡಿ. ಸಂಬಂಧ ಇದೆ, ಎಲ್ಲ ಡಾಕ್ಟರಿಗೂ ಗೊತ್ತು. ಕಾಲು ಮುರಿದಿದ್ದರೆ ಆ ವಾದಕ್ಕೆ ತೂಕ ಇರುತ್ತಿತ್ತು.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಮತ್ತೆ ಇಲ್ಲ ಅಂದರೆ, ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. cioins.co.in ನಲ್ಲಿ ಮನೆಯಿಂದಲೇ ಹಾಕಬಹುದು. ಶುಲ್ಕ ಇಲ್ಲ. ವಕೀಲರಿಗೆ ಅಲ್ಲಿ ಪ್ರವೇಶವೇ ಇಲ್ಲ, ನೀವೇ ಮಾತಾಡಬೇಕು. 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಕಂಪನಿಯ ಕೊನೆಯ ಉತ್ತರದಿಂದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿಯ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ಅಲ್ಲಿಗೆ 2 ವರ್ಷದ ಗಡುವು. ಎರಡು ಕಡೆ ಒಟ್ಟಿಗೆ ಮಾತ್ರ ಹಾಕಬೇಡಿ. ಆಯೋಗದಲ್ಲಿ ಕೇಸ್ ಇದ್ದರೆ ಒಂಬುಡ್ಸ್‌ಮನ್ ನಿಮ್ಮ ದೂರನ್ನು ಮುಟ್ಟುವುದಿಲ್ಲ. ಎಸ್ಟೇಟ್ ರೈಟರ್‌ಗೆ ದುಡ್ಡು ಬಂದದ್ದು ಒಂಬುಡ್ಸ್‌ಮನ್ ಮುಂದೆ. ವಿಚಾರಣೆಯಲ್ಲಿ ಕಂಪನಿಯವರ ಕೈಯಲ್ಲಿ ಆ ಒಂದು ಸಾಲು ಬಿಟ್ಟು ಬೇರೇನೂ ಇರಲಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಅಪ್ಪ 2022ರಲ್ಲೇ ಬಿಪಿ ಮಾತ್ರೆ ನುಂಗಿದ್ದು ನಿಜವಾಗಿದ್ದರೆ ಮೇಲಿನದು ಯಾವುದೂ ನಿಮಗಲ್ಲ. ಮೊದಲು ಅವರನ್ನು ಕೂರಿಸಿಕೊಂಡು ಕೇಳಿ.

ಪ್ರಶ್ನೆ: ‘ಶುಗರ್ ಬರೀಬೇಡಿ, 3 ವರ್ಷ ಆದ್ಮೇಲೆ ಯಾರೂ ಕೇಳಲ್ಲ’ ಅಂತ ಏಜೆಂಟ್ ಹೇಳಿದರು. ನಿಜವಾ? — ಅರಸೀಕೆರೆ

ಉತ್ತರ: ಸುಳ್ಳು, ಮತ್ತು ಇದನ್ನು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ. 3 ವರ್ಷ ಅನ್ನುವುದು ನೀವು ಹೇಳಿಕೊಂಡ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ. ಮುಚ್ಚಿಟ್ಟದ್ದನ್ನು ಕೆದಕಲು ಕಂಪನಿಗೆ ಸತತ 60 ತಿಂಗಳು ಅವಕಾಶ ಇದೆ. ವಂಚನೆ ಸಾಬೀತಾದರೆ ಆಮೇಲೂ ಬಿಡುವುದಿಲ್ಲ. ಕ್ಲೇಮ್ ಬರುವ ಮುಂಚೆ, ಈ ವಾರವೇ, ಕಂಪನಿಗೆ ಬರೆದು ತಿಳಿಸಿ.

ಪ್ರಶ್ನೆ: ನಾಟಿ ಔಷಧಿಯಲ್ಲಿ ಶುಗರ್ ಪೂರ್ತಿ ವಾಸಿಯಾಗಿದೆ. ಫಾರಂನಲ್ಲಿ ಬರೆಯಲೇಬೇಕಾ? — ಕಡೂರು

ಉತ್ತರ: ಬರೆಯಲೇಬೇಕು. ವಾಸಿಯಾಯಿತು ಅಂತ ಹೇಳಿದವರನ್ನು ಬಿಟ್ಟು ಲ್ಯಾಬಿಗೆ ಹೋಗಿ ಕಳೆದ ಎರಡು ಮೂರು ತಿಂಗಳ ಶುಗರ್ ಮಟ್ಟ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ಕ್ಲೇಮ್ ಕೊಡಿಸ್ತೀವಿ, ಬಂದ ದುಡ್ಡಲ್ಲಿ 20% ಕೊಡಿ ಅಂತಾರೆ. ಕೊಡಬಹುದಾ? — ತರೀಕೆರೆ

ಉತ್ತರ: ಬೇಡ. ಅವರು ಹಾಕುವ ದೂರನ್ನು ವಿಮಾ ನಿಯಂತ್ರಣ ಪ್ರಾಧಿಕಾರದ bimabharosa.irdai.gov.in ನಲ್ಲಿ ನೀವೇ ಬಿಟ್ಟಿಯಾಗಿ ಹಾಕಬಹುದು. ಫೋನಿನಲ್ಲಾದರೆ 155255.