ಸಹೋದ್ಯೋಗಿ ಸಾಲಕ್ಕೆ ಜಾಮೀನು ಕೇಳಿದರೆ ಇಲ್ಲ ಅನ್ನುವುದು ಹೇಗೆ?

"ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ನೌಕರರ ಸೊಸೈಟಿಯಲ್ಲಿ 5 ಲಕ್ಷ ಸಾಲ ತೆಗೆಯುತ್ತಿದ್ದಾರೆ, ನನ್ನನ್ನು ಜಾಮೀನು ಹಾಕಿ ಅಂತ ಕೇಳಿದ್ದಾರೆ. ಒಳ್ಳೆಯ ಮನುಷ್ಯ, ಆದರೂ ನನಗೆ ಇಷ್ಟವಿಲ್ಲ. ದಿನಾ ಒಂದೇ ಸ್ಟಾಫ್ ರೂಮಿನಲ್ಲಿ ಕೂರಬೇಕು. ಅವರ ಮನಸ್ಸು ನೋಯದ ಹಾಗೆ ಏನಂತ ಹೇಳಲಿ?"

ಒಂದು ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಕೆಲವು ವರ್ಷ ನಿರ್ದೇಶಕನಾಗಿದ್ದೆ. ಸಾಲದ ಅರ್ಜಿಗಳನ್ನು ನೋಡುವ ಕೆಲಸ. ಜಾಮೀನಿನಿಂದ ಮಾತು ಬಿಟ್ಟ ಸ್ನೇಹಿತರನ್ನು ಅಲ್ಲಿ ಬೇಕಾದಷ್ಟು ಕಂಡಿದ್ದೇನೆ. ಒಂದು ವಿಚಿತ್ರ ಹೇಳಲಾ? ಜಾಮೀನು ಹಾಕಲ್ಲ ಅಂದಿದ್ದಕ್ಕೆ ಆದ ಮುನಿಸು ಸಾಮಾನ್ಯವಾಗಿ ತಿಂಗಳೊಳಗೆ ಕರಗುತ್ತಿತ್ತು. ಹಾಕಿ ಕೈಸುಟ್ಟುಕೊಂಡವರ ಜಗಳ ನಿವೃತ್ತಿಯವರೆಗೂ ಎಳೆಯುತ್ತಿತ್ತು.

ಮೊದಲು ನೀವು ಯಾವುದಕ್ಕೆ ಇಲ್ಲ ಅನ್ನುತ್ತಿದ್ದೀರಿ ಅಂತ ನಿಮಗೇ ಸ್ಪಷ್ಟವಾಗಿರಲಿ. "ಸುಮ್ನೆ ಒಂದು ಸಹಿ ಸರ್, ಫಾರ್ಮಾಲಿಟಿ" ಅಂತ ಅವರು ಹೇಳಿರುತ್ತಾರೆ. ಅದು ಫಾರ್ಮಾಲಿಟಿ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲಗಾರನ ಬೆನ್ನು ಹತ್ತಿ ಸೋತ ಮೇಲೆಯೇ ನಿಮ್ಮ ಹತ್ತಿರ ಬರಬೇಕು ಅಂತೇನೂ ಇಲ್ಲ. ನೌಕರರ ಸೊಸೈಟಿಯಲ್ಲಂತೂ ಅವರು ನಿಮ್ಮ ಮನೆಗೆ ಬರುವ ಅಗತ್ಯವೇ ಇರುವುದಿಲ್ಲ. ಕಂತು ಕಟ್ಟದಿದ್ದರೆ ನನ್ನ ಸಂಬಳದಲ್ಲಿ ಮುರಿದುಕೊಳ್ಳಿ ಅಂತ ಜಾಮೀನುದಾರರಿಂದಲೂ ಅರ್ಜಿಯ ಜೊತೆಗೇ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದು ರೂಢಿ. ಆಮೇಲೆ ಸೊಸೈಟಿ ಕಾರ್ಯದರ್ಶಿ ನಿಮ್ಮ ಬಟವಾಡೆ ಅಧಿಕಾರಿಗೆ ಒಂದು ಪತ್ರ ಬರೆದರೆ ಮುಗಿಯಿತು.

ಲೆಕ್ಕ ಹಾಕಿ ನೋಡೋಣ. ಬಡ್ಡಿ ಶೇ. 12, ಐದು ವರ್ಷದ ಅವಧಿ ಅಂದುಕೊಳ್ಳಿ. 5 ಲಕ್ಷಕ್ಕೆ ತಿಂಗಳ ಕಂತು ಸುಮಾರು 11,120 ರೂಪಾಯಿ. 20 ಕಂತು ಸರಿಯಾಗಿ ಕಟ್ಟಿ ಅವರು ನಿಲ್ಲಿಸಿದರೆ ಇನ್ನೂ ಸುಮಾರು 3.65 ಲಕ್ಷ ಅಸಲು ಬಾಕಿ. ಇಬ್ಬರು ಜಾಮೀನುದಾರರಿದ್ದರೆ ಒಬ್ಬೊಬ್ಬರ ಸಂಬಳದಲ್ಲಿ ತಿಂಗಳಿಗೆ ಐದೂವರೆ ಸಾವಿರ ಹೋಗುತ್ತದೆ. ಅದೂ ಇಬ್ಬರ ಮೇಲೂ ಸಮನಾಗಿ ಹಾಕಿದರೆ. ಇನ್ನೊಬ್ಬರು ಆಗಲೇ ನಿವೃತ್ತರಾಗಿದ್ದರೆ ಅಥವಾ ಅವರ ಕೈಗೆ ಬರುವ ಸಂಬಳ ಮೊದಲೇ ಕಡಿಮೆ ಇದ್ದರೆ ಭಾರ ನಿಮ್ಮ ಕಡೆಗೇ ವಾಲುತ್ತದೆ. ನೀವು ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ಕಾನೂನಿನಲ್ಲಿದೆ, ನಿಜ. ಆದರೆ ಅದಕ್ಕೆ ಸಹೋದ್ಯೋಗಿಯ ಮೇಲೆ ನೀವೇ ದಾವೆ ಹೂಡಬೇಕು. ಯಾರು ಹೂಡುತ್ತಾರೆ?

ಇನ್ನೊಂದು ಮಾತು. ಸುಸ್ತಿಯಾದವರಲ್ಲಿ ಮೋಸ ಮಾಡಬೇಕು ಅಂತಲೇ ಸಾಲ ತೆಗೆದವರು ತೀರಾ ಕಡಿಮೆ. ನಾನು ಜಾಸ್ತಿ ಕಂಡಿದ್ದು ವರ್ಗಾವಣೆ. ಬೇರೆ ಜಿಲ್ಲೆಗೆ ಹೋಗುತ್ತಾರೆ, ಹೊಸ ಕಚೇರಿಯಲ್ಲಿ ಸಂಬಳದ ಬಿಲ್ಲಿಗೆ ಸೊಸೈಟಿ ಕಂತು ಸೇರುವುದೇ ಇಲ್ಲ. ಮೊದಲ ತಿಂಗಳು "ಮುಂದಿನ ಸಲ ಕಟ್ಟಿಬಿಡ್ತೀನಿ" ಅನ್ನುತ್ತಾರೆ. ನಾಲ್ಕನೇ ತಿಂಗಳಿಗೆ ಫೋನ್ ಎತ್ತುವುದಿಲ್ಲ. ಇಲ್ಲವೇ ಕಾಯಿಲೆ, ಸಂಬಳವಿಲ್ಲದ ದೀರ್ಘ ರಜೆ, ಅಮಾನತು. ನಿಮ್ಮ ಗಣಿತದ ಮೇಷ್ಟ್ರು ಚಿನ್ನದಂಥ ಮನುಷ್ಯ ಆಗಿರಬಹುದು, ಇವು ಯಾವುವೂ ಅವರ ಕೈಯಲ್ಲಿಲ್ಲ. ಅಂದಮೇಲೆ ನೀವು ಇಲ್ಲ ಅನ್ನುವುದು ಅವರ ಗುಣದ ಬಗ್ಗೆ ಕೊಟ್ಟ ತೀರ್ಪು ಆಗುವುದಿಲ್ಲ. ಇದು ನಿಮ್ಮ ತಲೆಯಲ್ಲಿ ಗಟ್ಟಿಯಾಗಿದ್ದರೆ ಮಾತು ತಾನಾಗಿ ಸರಿಯಾಗಿ ಬರುತ್ತದೆ.

ಹಾಗಂತ "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ಸರ್" ಅಂತ ಮಾತ್ರ ಶುರು ಮಾಡಬೇಡಿ. ಅಲ್ಲಿಯವರೆಗೆ ಅವರಿಗೆ ಆ ಯೋಚನೆಯೇ ಬಂದಿರುವುದಿಲ್ಲ, ನೀವೇ ತಂದು ಕೊಟ್ಟ ಹಾಗಾಗುತ್ತದೆ. ಅವರ ವಿಷಯವನ್ನೇ ಎತ್ತದೆ ನಿಮ್ಮ ಸಂಬಳದ ವಿಷಯ ಮಾತ್ರ ಮಾತಾಡಿ.

ನಾನಾಗಿದ್ದರೆ ಹೀಗೆ ಹೇಳುತ್ತೇನೆ: "ಸರ್, ಜಾಮೀನಿನ ಬಗ್ಗೆ ಯೋಚನೆ ಮಾಡಿದೆ. ನನ್ನ ಸಂಬಳದ ಮೇಲೆ ಇನ್ನೊಂದು ಹೊಣೆ ಹೊರೋಕೆ ನನಗೆ ಆಗಲ್ಲ. ಈಗಲೇ ಹೇಳಿದರೆ ನೀವು ಬೇರೆಯವರನ್ನು ಕೇಳೋಕೆ ಸಮಯ ಇರುತ್ತೆ ಅಂತ ಹೇಳ್ತಿದ್ದೀನಿ." ಅಷ್ಟು ಹೇಳಿ ಸುಮ್ಮನಾಗಿ. ಆ ಮೌನ ತಡೆಯಲಾರದೆ ನಾವು ಕಾರಣದ ಮೇಲೆ ಕಾರಣ ಕೊಡುತ್ತಾ ಹೋಗುತ್ತೇವೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ.

ಯಾಕೆ ಅಂದರೆ ಸಾಲ ಬೇಕಾದವರು ಪ್ರತಿ ಕಾರಣಕ್ಕೂ ಒಂದು ಪರಿಹಾರ ಹುಡುಕಿ ತರುತ್ತಾರೆ. "ಮನೆಯಲ್ಲಿ ಒಪ್ಪಲ್ಲ" ಅನ್ನುವುದು ನಮ್ಮಲ್ಲಿ ಎಲ್ಲರೂ ಹೇಳುವ ನೆಪ. ಭಾನುವಾರ ಹೆಂಡತಿ ಸಮೇತ ಸ್ವೀಟ್ ಬಾಕ್ಸ್ ಹಿಡಿದು ನಿಮ್ಮ ಮನೆಗೆ ಬಂದು "ಅಕ್ಕಾ, ನೀವಾದ್ರೂ ಹೇಳಿ" ಅಂದರೆ ಏನು ಮಾಡುತ್ತೀರಿ? ಇಷ್ಟಕ್ಕೂ ನಿಮ್ಮ ಹೆಂಡತಿಯನ್ನು ಕೆಟ್ಟವರನ್ನಾಗಿ ಮಾಡಿದ್ದು ಯಾವ ನ್ಯಾಯ? "ನನಗೇ ಸಾಲ ಬೇಕಾಗಿದೆ" ಅಂದರೆ ಅವರು ನಿಮ್ಮ ಅರ್ಜಿ ಯಾವಾಗ ಅಂತ ಕಾಯುತ್ತಾರೆ. ನೀವು ಅರ್ಜಿ ಹಾಕದಿದ್ದರೆ ಸುಳ್ಳು ಬಯಲಾಯಿತು. ಸಂಬಂಧ ಹಾಳಾಗುವುದು ಇಲ್ಲಿ. ಇಲ್ಲ ಅಂದಿದ್ದನ್ನು ಜನ ನುಂಗಿಕೊಳ್ಳುತ್ತಾರೆ, ಸುಳ್ಳು ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆ.

"ನಾನು ಯಾರಿಗೂ ಜಾಮೀನು ಹಾಕಲ್ಲ" ಅನ್ನುವ ಮಾತು ಚೆನ್ನಾಗಿದೆ, ಆದರೆ ಅದು ನಿಜ ಆಗಿದ್ದರೆ ಮಾತ್ರ. ಮುಂದಿನ ವರ್ಷ ಇಂಗ್ಲಿಷ್ ಮೇಡಂಗೆ ಸಹಿ ಹಾಕಿದರೆ ಇವರಿಗೆ ಗೊತ್ತಾಗೇ ಆಗುತ್ತದೆ. ಸೊಸೈಟಿ ವಿಷಯ ಸ್ಟಾಫ್ ರೂಮಿನಲ್ಲಿ ಮುಚ್ಚಿಡಲು ಆಗುವುದಿಲ್ಲ. ಆಗಲೇ ಬೇರೆಯವರಿಗೆ ಜಾಮೀನಾಗಿದ್ದರೆ ಅದನ್ನೇ ಹೇಳಿ, ಗಟ್ಟಿ ಕಾರಣ ಅದು. ಒಬ್ಬ ಸದಸ್ಯ ಎಷ್ಟು ಸಾಲಕ್ಕೆ ಜಾಮೀನಾಗಬಹುದು ಅನ್ನುವುದಕ್ಕೆ ಅನೇಕ ಸಂಘಗಳ ಬೈಲಾದಲ್ಲಿ ಮಿತಿ ಇರುತ್ತದೆ. ನಿಮ್ಮ ಸಂಘದ್ದು ಏನು ಅಂತ ಕಾರ್ಯದರ್ಶಿಯನ್ನು ಕೇಳಿಕೊಂಡೇ ಮಾತಿಗೆ ಹೋಗಿ.

ಹೇಳುವುದು ಇವತ್ತೋ ನಾಳೆಯೋ ಆಗಲಿ. "ನೋಡೋಣ ಸರ್" ಅಂತ ನೀವು ಅಂದಿದ್ದರೆ ಅವರ ಕಿವಿಗೆ ಅದು ಹೂಂ ಅಂತಲೇ ಬಿದ್ದಿದೆ. ಅವರು ಸಂಬಳ ಪ್ರಮಾಣ ಪತ್ರ ತೆಗೆಸಿ, ಅರ್ಜಿ ತುಂಬಿ, ಮಗಳ ಕಾಲೇಜಿಗೋ ಮನೆಯ ತಾರಸಿಗೋ ದಿನ ಗೊತ್ತು ಮಾಡಿಕೊಂಡಿರುತ್ತಾರೆ. ಸಂಘದ ಸಭೆಯ ಹಿಂದಿನ ದಿನ ನೀವು ಕೈಯೆತ್ತಿದರೆ ಸಿಟ್ಟು ಬರದೇ ಇರುತ್ತಾ? ಒಬ್ಬರೇ ಇದ್ದಾಗ ಹೇಳಿ. ಶಾಲೆ ಬಿಟ್ಟ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತರೂ ಸಾಕು. ವಾಟ್ಸ್ಯಾಪಿನಲ್ಲಿ ಬೇಡ. ಆಮೇಲೆ ಈ ವಿಷಯ ಬೇರೆ ಯಾರ ಹತ್ತಿರವೂ ಆಡಬೇಡಿ. ಅವರಿಗೆ ಸಾಲ ಬೇಕಾಗಿದೆ ಅನ್ನುವುದೇ ಅವರಿಗೆ ಮುಜುಗರದ ಸಂಗತಿ ಇರಬಹುದು. ಹೆಡ್ ಮಾಸ್ಟರ್ ಕಡೆಯಿಂದ ಹೇಳಿಸಿದರೆ ಅವರಿಗೂ ಅದೇ ಉತ್ತರ, ಅದೇ ಮಾತಿನಲ್ಲಿ. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಹೇಳಿದರೆ ಸಂಜೆಗೆ ಇಬ್ಬರೂ ತಾಳೆ ನೋಡುತ್ತಾರೆ.

ಬರೀ ಇಲ್ಲ ಅಂದು ಎದ್ದು ಹೋಗುವುದಕ್ಕಿಂತ ಒಂದು ದಾರಿ ತೋರಿಸಿದರೆ ಚೆನ್ನ. ಜಾಮೀನು ಇಲ್ಲದೆ ಸಿಗುವ ಹಣ ಅವರಿಗೇ ಇರಬಹುದು, ಯೋಚಿಸಿರುವುದಿಲ್ಲ. ಸರ್ಕಾರಿ ನೌಕರರಾದ್ದರಿಂದ ಕೆಜಿಐಡಿ ಪಾಲಿಸಿ ಇರುತ್ತದೆ, ಅದರ ಮೇಲೆ ಸಾಲ ಸಿಗುತ್ತದೆ. 2006ರ ಏಪ್ರಿಲ್‌ಗಿಂತ ಮೊದಲು ಸೇವೆಗೆ ಸೇರಿದವರಾದರೆ ಜಿಪಿಎಫ್ ಮುಂಗಡವಿದೆ. ಅದು ಅವರದೇ ದುಡ್ಡು. ಎಲ್‌ಐಸಿ ಪಾಲಿಸಿ ಹಳೆಯದಾಗಿದ್ದರೆ ಅದರ ಮೇಲೂ ಸಾಲ ಕೊಡುತ್ತಾರೆ, ಚಿನ್ನ ಇದ್ದರೆ ಬ್ಯಾಂಕಿದೆ. ಇವೆಲ್ಲ ಸೇರಿಸಿದರೆ 5 ಲಕ್ಷ ಆಗದೇ ಇರಬಹುದು. ಆದರೆ ಸೊಸೈಟಿ ಸಾಲ 5ರಿಂದ 2ಕ್ಕೆ ಇಳಿದರೂ ಅವರಿಗೆ ಬೇರೆ ಜಾಮೀನುದಾರರು ಸುಲಭವಾಗಿ ಸಿಗುತ್ತಾರೆ. ಸಂಜೆ ಅವರ ಜೊತೆ ಕೂತು ಈ ಲೆಕ್ಕ ಹಾಕಿಕೊಡಿ. ಗಣಿತದ ಮೇಷ್ಟ್ರಿಗೆ ಲೆಕ್ಕ ಹೇಳಿಕೊಡಬೇಕಾ ಅನ್ನಬೇಡಿ, ಸ್ವಂತ ಸಾಲದ ಲೆಕ್ಕದಲ್ಲಿ ಎಲ್ಲರೂ ಒಂದೇ. ನಿಮಗೆ ಅನುಕೂಲ ಇದ್ದರೆ ಹತ್ತೋ ಇಪ್ಪತ್ತೋ ಸಾವಿರ ಕೈಗಡ ಕೊಡಬಹುದು. ವಾಪಸ್ ಬರದಿದ್ದರೂ ನಿಮ್ಮ ನಿದ್ದೆ ಕೆಡದಷ್ಟು ಮೊತ್ತ ಮಾತ್ರ.

ಒಂದು ವಿಷಯ ನೀವು ಬರೆದಿಲ್ಲ. ಹಿಂದೆ ಅವರು ನಿಮಗೆ ಜಾಮೀನು ಹಾಕಿದ್ದರಾ? "ನೀವು ನನಗೆ, ನಾನು ನಿಮಗೆ" ಅನ್ನುವುದು ಸೊಸೈಟಿಗಳಲ್ಲಿ ತುಂಬಾ ನಡೆಯುತ್ತದೆ. ನಿಮ್ಮ ಸಾಲ ಇನ್ನೂ ನಡೆಯುತ್ತಿದ್ದು ಅದರಲ್ಲಿ ಅವರ ಸಹಿ ಇದ್ದರೆ ಮೇಲೆ ಹೇಳಿದ ಯಾವ ಮಾತೂ ನಡೆಯುವುದಿಲ್ಲ. ನೀವು ಅವರ ಸಂಬಳದ ಮೇಲೆ ಹೊಣೆ ಹೊರಿಸಿ ನಿಮ್ಮದನ್ನು ಮಾತ್ರ ಕಾಪಾಡಿಕೊಂಡ ಹಾಗೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಹಾಗೇ ಹೌದು ಕೂಡ. ಆಗ ಎರಡೇ ದಾರಿ. ಮೊದಲು ನಿಮ್ಮ ಸಾಲ ತೀರಿಸಿ, ಇಲ್ಲವೇ ಸಂಘ ಒಪ್ಪಿದರೆ ಅವರ ಬದಲಿಗೆ ಬೇರೆ ಜಾಮೀನುದಾರರನ್ನು ಕೊಟ್ಟು ಅವರನ್ನು ಬಿಡಿಸಿ, ಆಮೇಲೆ ಇಲ್ಲ ಅನ್ನಿ. ಅದು ಆಗದಿದ್ದರೆ ಸಹಿ ಹಾಕಿ, ಆದರೆ ಅವರು ಕೇಳಿದ 5 ಲಕ್ಷಕ್ಕಲ್ಲ, ನಿಮ್ಮ ಸಾಲದಲ್ಲಿ ಬಾಕಿ ಇರುವಷ್ಟು ಮೊತ್ತದ ಸಾಲಕ್ಕೆ.

ಇಲ್ಲ ಅಂದ ಮೇಲೆ ಒಂದೆರಡು ವಾರ ಅವರು ಬಿಗುವಾಗಿರುತ್ತಾರೆ. ನೀವು ಎಂದಿನಂತೆಯೇ ಇರಿ. ತಪ್ಪಿತಸ್ಥರ ಹಾಗೆ ಅವರ ಪೀರಿಯಡ್ ತಗೊಳ್ಳುವುದು, ಪರೀಕ್ಷಾ ಡ್ಯೂಟಿ ನೀವೇ ಮಾಡಿಕೊಡುವುದು ಬೇಡ. ಅದು ದಂಡ ಕಟ್ಟಿದ ಹಾಗೆ ಕಾಣುತ್ತದೆ, ಮತ್ತೆ ಕೇಳೋಣ ಅನ್ನುವ ಆಸೆಯನ್ನೂ ಹುಟ್ಟಿಸುತ್ತದೆ.

ಈಗಾಗಲೇ ಅರ್ಜಿಗೆ ಸಹಿ ಹಾಕಿಬಿಟ್ಟಿದ್ದರೆ ನಾಳೆಯೇ ಸೊಸೈಟಿಗೆ ಹೋಗಿ. ಸಾಲ ಮಂಜೂರಾಗಿ ಹಣ ಅವರ ಕೈಸೇರುವ ಮುಂಚೆ, ಜಾಮೀನು ಹಿಂದಕ್ಕೆ ಪಡೆಯುತ್ತಿದ್ದೇನೆ ಅಂತ ಕಾರ್ಯದರ್ಶಿಗೆ ಬರೆದುಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಣ ಹೋದ ಮೇಲೆ ಆ ಪತ್ರಕ್ಕೆ ಬೆಲೆ ಇರುವುದಿಲ್ಲ. ಸೊಸೈಟಿಗೆ ಹೋಗುವ ಮುಂಚೆ ಮೇಷ್ಟ್ರಿಗೆ ನೀವೇ ಬಾಯಿಬಿಟ್ಟು ಹೇಳಿ, ಕಾರ್ಯದರ್ಶಿಯ ಫೋನಿನಿಂದ ಅವರಿಗೆ ಗೊತ್ತಾಗುವುದು ಬೇಡ.