ಅಜ್ಜನ ಹೆಂಚಿನ ಮನೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆ ಇಪ್ಪತ್ತೆಂಟರ ಹರೆಯದ ವಾಸ್ತುಶಿಲ್ಪಿ. ಅಜ್ಜ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅವರು ಕಟ್ಟಿಸಿದ ಹೆಂಚಿನ ಮನೆಯನ್ನು ಕೆಡವಿ ಹೊಸದನ್ನು ಕಟ್ಟಬೇಕೆಂಬುದು ಸೋದರಮಾವನ ಆಸೆ. ನಕ್ಷೆಯನ್ನು ಈಕೆಯೇ ಮಾಡಿಕೊಡಬೇಕೆಂಬುದು ತಾಯಿಯ ಆಸೆ. ನಕ್ಷೆ ಸಿದ್ಧವಿದ್ದರೂ ಕೆಡವಲು ಒಪ್ಪಿಗೆ ಕೇಳುವ ಅರ್ಜಿಯ ಮೇಲೆ ಸಹಿ ಹಾಕಲು ಆಗುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಮಾವನ ಕರೆ ಬಂದರೆ ಎತ್ತಲು ಭಯವಾಗುತ್ತದೆ ಎಂದು ಹೇಳಿಕೊಂಡು ಬಂದಿದ್ದರು.

ಮೊದಲು ದುಃಖದ ತೀವ್ರತೆಯನ್ನು ಗಮನಿಸಿದೆ. ಸಾವಿನ ನಂತರ ಆರು ತಿಂಗಳು ಕಳೆದರೂ ಅಗಲಿದವರ ಹಂಬಲ ತಗ್ಗದೆ ದಿನನಿತ್ಯದ ಬದುಕನ್ನೇ ಕುಂಠಿತಗೊಳಿಸಿದ್ದರೆ, ಅದನ್ನು ದೀರ್ಘಕಾಲದ ಶೋಕದ ಅಸ್ವಸ್ಥತೆ ಎಂದು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ವರ್ಗೀಕರಣ ಹೇಳುತ್ತದೆ. ಈಕೆಯ ಕೆಲಸ, ಊಟ, ಗೆಳೆತನ ಎಲ್ಲವೂ ಸರಿಯಾಗಿ ನಡೆದಿದ್ದವು. ಕಷ್ಟವೆಲ್ಲ ಈ ಒಂದು ನಿರ್ಧಾರದ ಸುತ್ತಲೇ ಗಟ್ಟಿಯಾಗಿತ್ತು. ಆದ್ದರಿಂದ ಮನೋವೈದ್ಯರ ಬಳಿಗೆ ಕಳುಹಿಸದೆ ನಾನೇ ಮುಂದುವರಿದೆ.

ಎರಡನೆಯ ಭೇಟಿಗೆ ಅವರು ನಕ್ಷೆಗಳನ್ನು ತಂದಿದ್ದರು. ಹೊಸ ಮನೆಯ ಪ್ರತಿ ಕೋಣೆಗೂ ಅಳತೆ ಬರೆದಿದ್ದರು. ಅಜ್ಜನ ಜಗಲಿ ಇದ್ದ ಮೂಲೆಗೆ ಮಾತ್ರ ಅಳತೆಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಹಳೆಯ ಮನೆಯ ನಕ್ಷೆಯಲ್ಲಿ ಹೆಂಚನ್ನು ಹೊರುವ ಮರದ ಪಕಾಸು, ರೀಪುಗಳನ್ನು ಒಂದೂ ಬಿಡದೆ ಬಿಡಿಸಿದ್ದರು. “ಈ ಪಕಾಸುಗಳ ತುದಿ ಗೋಡೆಯ ಮೇಲೆ ಕೂರುವ ಜಾಗವನ್ನು ನೀವು ತಟ್ಟಿ ನೋಡಿದ್ದೀರಾ?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಇಲ್ಲ ಮೇಡಂ. ಬೇರೆಯವರ ಮನೆಯಾಗಿದ್ದರೆ ಮೊದಲ ದಿನವೇ ಅಟ್ಟ ಹತ್ತಿರುತ್ತಿದ್ದೆ” ಎಂದರು.

ಪ್ರಕರಣದ ತಿರುಳು ಇದೇ ಎಂದು ನನಗನ್ನಿಸಿತು. ಮನೆ ಗಟ್ಟಿಯಾಗಿದೆ ಎಂದು ತಿಳಿದರೆ ಮಾವನ ಎದುರು ನಿಲ್ಲಬೇಕಾಗುತ್ತಿತ್ತು. ಶಿಥಿಲವಾಗಿದೆ ಎಂದು ತಿಳಿದರೆ ಅಜ್ಜನನ್ನು ಇನ್ನೊಮ್ಮೆ ಕಳೆದುಕೊಳ್ಳಬೇಕಾಗುತ್ತಿತ್ತು. ಎರಡನ್ನೂ ತಪ್ಪಿಸಲು ಅವರು ನೋಡುವುದನ್ನೇ ಬಿಟ್ಟಿದ್ದರು.

ಮುಂದಿನ ಭೇಟಿಯಲ್ಲಿ ಗೆಸ್ಟಾಲ್ಟ್ ಎಂಬ ಮನೋಚಿಕಿತ್ಸೆಯ ಎರಡು ಕುರ್ಚಿಗಳ ವಿಧಾನವನ್ನು ಬಳಸಿದೆ. ಒಂದರಲ್ಲಿ ಕುಳಿತಾಗ ವಾಸ್ತುಶಿಲ್ಪಿಯಾಗಿ, ಇನ್ನೊಂದರಲ್ಲಿ ಮೊಮ್ಮಗಳಾಗಿ ಮಾತನಾಡಬೇಕು, ತೀರ್ಪು ಮಾತ್ರ ಕೊಡಬಾರದು ಎಂದು ಕೇಳಿಕೊಂಡೆ. ವಾಸ್ತುಶಿಲ್ಪಿಯ ಮಾತು ಬೇಗ ಮುಗಿಯಿತು. ಮೊಮ್ಮಗಳ ಕುರ್ಚಿಯಲ್ಲಿ, ಅಜ್ಜ ಕೊನೆಯ ತಿಂಗಳುಗಳಲ್ಲಿ ಬಾ ಎಂದು ಕರೆದಾಗ ಕೆಲಸದ ನೆಪ ಹೇಳಿ ಹೋಗದೆ ಇದ್ದುದು ಹೊರಬಂತು. ಮನೆಯನ್ನು ಉಳಿಸಿದರೆ ಆ ತಪ್ಪು ತೀರುತ್ತದೆ ಎಂಬ ಲೆಕ್ಕ ಅವರೊಳಗೆ ನಡೆಯುತ್ತಿತ್ತು. ಅಪರಾಧಿಭಾವದ ಭಾರವನ್ನು ಯಾವ ಗೋಡೆಯೂ ಹೊರಲಾರದು. ಅದಕ್ಕೆ ಬೇರೆಯೇ ಜಾಗ ಬೇಕಿತ್ತು.

ಹಾಗಾಗಿ ಎರಡು ಪ್ರಶ್ನೆಗಳನ್ನು ಬಿಡಿಸಿ ಇಡಲು ಸಲಹೆ ನೀಡಿದೆ. ಅಜ್ಜನಿಗೆ ಹೇಳಬೇಕಾಗಿದ್ದನ್ನು ಪತ್ರವಾಗಿ ಬರೆದು ನನ್ನೆದುರು ಓದಬೇಕು. ಅದರಲ್ಲಿ ಮನೆಯ ಪ್ರಸ್ತಾಪ ಬರಬಾರದು. ಮನೆಯ ಪರೀಕ್ಷೆಯನ್ನು ಕುಟುಂಬಕ್ಕೆ ಸಂಬಂಧವಿಲ್ಲದ ಕಟ್ಟಡ ಎಂಜಿನಿಯರ್‌ಗೆ ಒಪ್ಪಿಸಬೇಕು, ಏಕೆಂದರೆ ತಮ್ಮದೇ ಮನೆಯ ಬಗ್ಗೆ ಈಕೆ ಏನು ಬರೆದರೂ ಅದನ್ನು ಮಾವನೂ ನಂಬುವುದಿಲ್ಲ, ನಾಳೆ ಈಕೆಯೂ ನಂಬುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವರದಿ ಕೈಸೇರುವ ಮೊದಲೇ ಯಾವ ಫಲಿತಾಂಶ ಬಂದರೆ ಏನು ಮಾಡುವುದೆಂದು ಬರೆದಿಟ್ಟು ಮನೆಯವರಿಗೂ ತಿಳಿಸಬೇಕು. ವರದಿ ನೋಡಿದ ಮೇಲೆ ನಿಯಮ ಮಾಡಲು ಹೊರಟರೆ ಮನಸ್ಸು ತನಗೆ ಬೇಕಾದ ಸಾಲನ್ನೇ ಹೆಕ್ಕಿಕೊಳ್ಳುತ್ತದೆ.

ಅವರು ಬರೆದದ್ದು ಚಿಕ್ಕದಾಗಿತ್ತು: ಮರ ಮಾತ್ರ ಕೆಟ್ಟಿದ್ದರೆ ಹೆಂಚು ಇಳಿಸಿ ಮಾಡನ್ನು ಹೊಸದಾಗಿ ಕಟ್ಟುವುದು, ಭಾರ ಹೊರುವ ಗೋಡೆಯೇ ಸರಿಯುತ್ತಿದ್ದರೆ ಕೆಡವುವುದು. ಎಂಜಿನಿಯರ್ ಬಿರುಕುಗಳ ತುದಿಗೆ ಗುರುತು ಹಾಕಿ, ದಿನಾಂಕ ಬರೆದು, ಮಳೆಗಾಲ ಮುಗಿಯುವವರೆಗೆ ಕಾದರು. ಹಿಂಬದಿಯ ಗೋಡೆಯ ಬಿರುಕು ಗುರುತನ್ನು ದಾಟಿ ಬೆಳೆದಿತ್ತು, ತೂಕದ ಗುಂಡು ಇಳಿಬಿಟ್ಟಾಗ ಗೋಡೆ ಹೊರಕ್ಕೆ ವಾಲಿರುವುದೂ ಕಂಡಿತು. ಮರ ಬಹುಪಾಲು ಗಟ್ಟಿಯಾಗಿಯೇ ಇತ್ತು.

ಅವರು ಅರ್ಜಿಗೆ ಸಹಿ ಹಾಕಿದರು. ಮರುವಾರ ಅಳುತ್ತಾ ಬಂದು, ಇಷ್ಟು ನೋಯುತ್ತಿದೆ ಎಂದರೆ ನಿರ್ಧಾರ ತಪ್ಪಿರಬೇಕಲ್ಲವೇ ಎಂದು ಕೇಳಿದರು. ನೋವು ಅಗಲಿಕೆಯದ್ದು, ನಿರ್ಧಾರದ ಸರಿತಪ್ಪನ್ನು ಅದು ಅಳೆಯುವುದಿಲ್ಲ ಎಂದು ವಿವರಿಸಿ, ತಾವೇ ಬರೆದಿಟ್ಟ ನಿಯಮವನ್ನು ಮತ್ತೊಮ್ಮೆ ಓದಿಸಿದೆ. ಕೆಡವುವ ಕೆಲಸದ ಉಸ್ತುವಾರಿಯನ್ನು ಸಹೋದ್ಯೋಗಿಗೆ ವಹಿಸಬೇಕು, ಗಟ್ಟಿಯಿರುವ ಮರವನ್ನು ಹೊಸ ಮನೆಗೆ ಬಳಸುವ ಬಗ್ಗೆ ಮಾವನ ಜೊತೆ ತಾವೇ ಕುಳಿತು ಮಾತನಾಡಬೇಕು, ನಿದ್ದೆ ಸರಿಹೋಗುವವರೆಗೆ ನಮ್ಮ ಭೇಟಿಗಳನ್ನು ನಿಲ್ಲಿಸಬಾರದು ಎಂದು ತಿಳಿಸಿದೆ. ಮೂರಕ್ಕೂ ಅವರು ಒಪ್ಪಿದರು.