ನಾಲ್ಕು ಕಾಗದ, ನಾಲ್ಕು ಕಥೆ: ಒಂದು ಎಂಎಸ್ ಅರ್ಜಿಯ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿ ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಸಿವಿಲ್ ಎಂಜಿನಿಯರಿಂಗ್‌ಗೆ ಸೇರಿದವಳು. ಈಗ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟುಗಳ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಅಂದರೆ ಎಸ್‌ಟಿಪಿ, ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಕೆಲಸ. ಅಮೆರಿಕದಲ್ಲಿ ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಎಂಎಸ್ ಮಾಡುವ ಆಸೆ. ಡಿಸೆಂಬರ್ 15ಕ್ಕೆ ಗಡುವು. ನವೆಂಬರ್ ಮೊದಲ ವಾರ ನಾಲ್ಕು ಕಾಗದ ಹಿಡಿದು ಬಂದಳು: ಯಾಕೆ ಓದಬೇಕು, ಮುಂದೇನು ಎಂದು ತಾನೇ ಬರೆಯುವ ಎಸ್‌ಒಪಿ ಒಂದು, ಶಿಫಾರಸು ಪತ್ರದ ಕರಡು ಮೂರು. "ಸರ್, ಇಂಗ್ಲಿಷ್ ಮಾತ್ರ ಒಂದು ಸಲ ನೋಡಿಬಿಡಿ" ಎಂದಳು. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಬೇರೆ ಕಡೆ.

ಎಚ್‌ಒಡಿ ಮತ್ತು ಪ್ರಾಜೆಕ್ಟ್ ಗೈಡ್ ಇಬ್ಬರೂ "ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ" ಅಂದಿದ್ದರು. ನಮ್ಮ ಕಾಲೇಜುಗಳಲ್ಲಿ ಇದು ತೀರಾ ಸಾಮಾನ್ಯ. ಹಾಗಾಗಿ ಆ ಎರಡು ಪತ್ರ ಅವಳದೇ ಕೈಬರಹ. ಎರಡರಲ್ಲೂ ಅದೇ ಸಿಜಿಪಿಎ, ಅದೇ ಪ್ರಾಜೆಕ್ಟ್, ಅದೇ ಮೂರು ಗುಣವಾಚಕ. ಒಂದು ವಾಕ್ಯವಂತೂ ಎಸ್‌ಒಪಿಯಿಂದ "ನಾನು" ತೆಗೆದು "ಅವಳು" ಹಾಕಿ ಇಳಿಸಿದ್ದು. ಕಂಪನಿಯ ಮ್ಯಾನೇಜರ್ ಮಾತ್ರ ತಾವೇ ಬರೆದು ಅವಳಿಗೊಂದು ಪ್ರತಿ ಕಳಿಸಿದ್ದರು. ಮೂರು ಪತ್ರಗಳಲ್ಲಿ ಜೀವ ಇದ್ದದ್ದು ಅದೊಂದಕ್ಕೇ. ಆದರೆ ಎಸ್‌ಒಪಿಗೆ ಅಡ್ಡ ನಿಂತಿದ್ದೂ ಅದೇ.

ಎಸ್‌ಒಪಿಯಲ್ಲಿ "ಎರಡು ವರ್ಷದ ಅನುಭವ" ಎಂದಿತ್ತು, ಮ್ಯಾನೇಜರ್ ಪತ್ರದಲ್ಲಿ 14 ತಿಂಗಳು. ಅವಳು ಇಂಟರ್ನ್‌ಶಿಪ್ಪಿನ 5 ತಿಂಗಳು ಸೇರಿಸಿ, ಉಳಿದದ್ದನ್ನು ದುಂಡಗೆ ಮಾಡಿದ್ದಳು. ಮುಂದಿನ ಗುರಿ ಸಂಶೋಧನೆ ಎಂದು ಎಸ್‌ಒಪಿ ಹೇಳುತ್ತಿತ್ತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ಗೆ ಹೇಳಿ ಮಾಡಿಸಿದ ಹುಡುಗಿ, ಓದು ಮುಗಿಸಿ ನಮ್ಮಲ್ಲಿಗೇ ಬರುತ್ತಾಳೆ ಎಂಬ ನಂಬಿಕೆಯಿದೆ ಎಂದು ಮ್ಯಾನೇಜರ್ ಬರೆದಿದ್ದರು. ತಪ್ಪು ಅವರದಲ್ಲ. "ಹೈಯರ್ ಸ್ಟಡೀಸ್‌ಗೆ ಹೋಗ್ತೀನಿ ಸರ್" ಅನ್ನುವುದರಾಚೆ ಅವಳು ಅವರಿಗೆ ಏನನ್ನೂ ಹೇಳಿರಲಿಲ್ಲ.

ನಾನು ಮೊದಲು ಹೇಳಿದ್ದು ಪತ್ರಗಳ ಕರಡನ್ನು ಬದಿಗಿಡು ಎಂದು. ಅಮೆರಿಕದ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? 1974ರ ಫೆರ್ಪಾ ಕಾನೂನಿನ ಪ್ರಕಾರ, ಸೇರಿದ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕಿದೆ. ಪತ್ರಗಳ ಮಟ್ಟಿಗೆ ಅದನ್ನು ಬಿಟ್ಟುಕೊಡಬಹುದು. ಬಹುತೇಕರು "ಹೌದು" ಎನ್ನುತ್ತಾರೆ, ಇಲ್ಲದಿದ್ದರೆ ಪತ್ರ ಮನಬಿಚ್ಚಿ ಬರೆದದ್ದೆಂಬ ನಂಬಿಕೆ ಓದುವವರಿಗೆ ಬರುವುದಿಲ್ಲ. ಹಾಗೆ ಒಪ್ಪಿ, ಪತ್ರವನ್ನು ತಾನೇ ಬರೆದರೆ ಅದು ನೇರ ಸುಳ್ಳು. ಅಂದಮೇಲೆ ಹೊಂದಾಣಿಕೆಯ ಕೆಲಸ ಪತ್ರ ತಿದ್ದಿ ಆಗುವಂಥದ್ದಲ್ಲ. ಒಂದೋ ಎಸ್‌ಒಪಿಯನ್ನು ಸರಿಮಾಡಬೇಕು, ಇಲ್ಲವೇ ಪತ್ರ ಬರೆಯುವ ಮೊದಲೇ ಅವರ ಜೊತೆ ಕೂತು ಮಾತಾಡಬೇಕು.

ಎಸ್‌ಒಪಿಯ ಒಂದೊಂದು ಹೇಳಿಕೆಯ ಎದುರೂ "ಇದನ್ನು ಕಣ್ಣಾರೆ ಕಂಡವರು ಯಾರು?" ಎಂದು ಬರೆಯಲು ಹೇಳಿದೆ. ಪ್ರಾಜೆಕ್ಟಿನ ಹತ್ತಿರ ಪೆನ್ನು ನಿಂತಿತು. "ಫ್ಲೋರೈಡ್ ತೆಗೆಯುವ ಫಿಲ್ಟರ್ ವಿನ್ಯಾಸ ಮಾಡಿದೆ" ಎಂದಿತ್ತು. ವಿನ್ಯಾಸ ಮಾಡಿದ್ದು ಯಾರು ಎಂದು ಕೇಳಿದೆ. ನಾಲ್ವರ ತಂಡ, ಕಾಲಮ್ ವಿನ್ಯಾಸ ಗೆಳೆಯನದು. ಇವಳದು ಪಾವಗಡದ ಕಡೆಯ ಬೋರ್‌ವೆಲ್ ನೀರಿನ ಪರೀಕ್ಷೆ. "ಅದೊಂದು ಬರೀ ಟೆಸ್ಟಿಂಗ್ ಸರ್, ಏನಂತ ಬರೀಲಿ?" ಎಂದಳು.

ಕೆದಕಿದಾಗ ಹೊರಬಂದದ್ದು ಇದು. ಫಿಲ್ಟರಿನಲ್ಲಿ ಇದ್ದದ್ದು ಆಕ್ಟಿವೇಟೆಡ್ ಅಲ್ಯುಮಿನಾ. ಲ್ಯಾಬಿನಲ್ಲಿ ತಯಾರಿಸಿದ ಫ್ಲೋರೈಡ್ ನೀರಿಗೆ ಅದು ಚೆನ್ನಾಗಿ ಕೆಲಸ ಮಾಡಿತ್ತು. ನಿಜವಾದ ಬೋರ್‌ವೆಲ್ ನೀರು ಬಿಟ್ಟಾಗ, ಹೊರಬರುವ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಅರ್ಧ ದಾರಿಯಲ್ಲೇ ದಾಟಿತು. ತಂಡದವರಿಗೆ ಇದು ಪರೀಕ್ಷೆಯ ತಪ್ಪು ಅನ್ನಿಸಿತ್ತು, ಆ ಅಂಕಿ ಬಿಟ್ಟುಬಿಡೋಣ ಅಂದಿದ್ದರು. ಇವಳು ಮತ್ತೆ ನೀರು ತರಿಸಿ ಪರೀಕ್ಷಿಸಿದಳು, ಅದೇ ಫಲಿತಾಂಶ. ಆ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು, ಪಿಎಚ್ 8ರ ಮೇಲೆ. ಅಲ್ಯುಮಿನಾ ಚೆನ್ನಾಗಿ ಫ್ಲೋರೈಡ್ ಹಿಡಿಯುವುದು ಪಿಎಚ್ 5.5ರಿಂದ 6ರ ಆಸುಪಾಸಿನಲ್ಲಿ. ಕಾರಣ ಸಿಕ್ಕಿತು, ವರದಿಗೂ ಸೇರಿತು. ಇಷ್ಟೆಲ್ಲ ಇಟ್ಟುಕೊಂಡು ಇವಳು ಗೆಳೆಯನ ವಿನ್ಯಾಸವನ್ನು ಹೊತ್ತು ತಿರುಗುತ್ತಿದ್ದಳು!

ಎಸ್‌ಒಪಿ ಈ ಪ್ರಸಂಗದ ಸುತ್ತ ಹೊಸದಾಗಿ ಬಂತು. ನಾಲ್ವರ ತಂಡ, ತನ್ನ ಪಾಲು ಪರೀಕ್ಷೆ ಎಂದು ಮೊದಲೇ ಹೇಳಿ, ಫಲಿತಾಂಶ ನೋಡಿ ತಾನು ಏನು ಯೋಚಿಸಿದೆ, ಕ್ಷಾರತೆ ಹೆಚ್ಚಿರುವ ನೀರಿನ ಬಗ್ಗೆ ಈಗ ಏನು ತಿಳಿಯಬೇಕಿದೆ ಎಂದು ಬರೆದಳು. ಅದೇ ಪ್ರಸಂಗವನ್ನು ಗೈಡ್ ಬರೆದರೂ ಪುನರಾವರ್ತನೆ ಆಗುವುದಿಲ್ಲ, ಏಕೆಂದರೆ ಅವರಿಗೆ ಗೊತ್ತಿರುವುದು ಬೇರೆ: ಉಳಿದವರು ಅಂಕಿ ಬಿಡೋಣ ಎಂದಾಗ ಇವಳು ಹೇಗೆ ನಡೆದುಕೊಂಡಳು, ಅವರು ಕಂಡ ಇತರ ವಿದ್ಯಾರ್ಥಿಗಳ ನಡುವೆ ಅದು ಎಷ್ಟು ಅಪರೂಪ. ಇದನ್ನು ಅವಳೇ ಬರೆದರೆ ಜಂಬ, ಗೈಡ್ ಬರೆದರೆ ಸಾಕ್ಷಿ. ರಸಾಯನಶಾಸ್ತ್ರದ ವಿವರ ಎಸ್‌ಒಪಿಯಲ್ಲಿ, ನಡತೆಯ ವಿವರ ಪತ್ರದಲ್ಲಿ.

ಇನ್ನೊಂದು ಗಂಟು ಮೂರನೇ ಸೆಮ್‌ನ ಗಣಿತ. ಫೇಲಾಗಿ ಮುಂದಿನ ಪರೀಕ್ಷೆಯಲ್ಲಿ ಪಾಸು ಮಾಡಿದ್ದಳು. ಎಸ್‌ಒಪಿಯಲ್ಲಿ "ಅನಾರೋಗ್ಯ" ಎಂದಿತ್ತು. ಎಚ್‌ಒಡಿ ಹೆಸರಿನ ಕರಡಿನಲ್ಲಿ "ಎಲ್ಲ ಸೆಮಿಸ್ಟರಿನಲ್ಲೂ ಅತ್ಯುತ್ತಮ". ಅಂಕಪಟ್ಟಿ ಪಕ್ಕದಲ್ಲಿಟ್ಟು ಓದುವವರಿಗೆ ಎರಡನೆಯದು ಸುಳ್ಳೆಂದು ಕೂಡಲೇ ಗೊತ್ತಾಗುತ್ತದೆ, ಆಮೇಲೆ ಮೊದಲನೆಯದನ್ನೂ ನಂಬುವುದಿಲ್ಲ. ಅನಾರೋಗ್ಯ ಇತ್ತಾ ಎಂದೆ. ಇರಲಿಲ್ಲ. ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬಂದಾಗ ಆ ಗಣಿತ ತಲೆಗೆ ಹತ್ತಲಿಲ್ಲ, ಅಷ್ಟೇ. ಅದನ್ನೇ ಎರಡು ವಾಕ್ಯದಲ್ಲಿ ಬರೆ ಎಂದೆ. ಎಚ್‌ಒಡಿ ಆ ಫೇಲಿನ ಬಗ್ಗೆ ಸಮಜಾಯಿಷಿ ಕೊಡಬೇಕಿಲ್ಲ. ಆಮೇಲೆ ಅವರೇ ಕಲಿಸಿದ ಹೈಡ್ರಾಲಿಕ್ಸ್‌ನಲ್ಲಿ ಇವಳು ಹೇಗಿದ್ದಳು ಎಂದು ಹೇಳಿದರೆ, ಗಣಿತದ ಅನುಮಾನ ತಾನಾಗಿ ಸಡಿಲವಾಗುತ್ತದೆ.

ಕರಡಿನ ಬದಲು ಪತ್ರ ಬರೆಯುವ ಮೂವರಿಗೂ ಒಂದೊಂದು ಪುಟ ಮಾಹಿತಿ ಬರೆದುಕೊಡು ಎಂದೆ, ಮೂರೂ ಬೇರೆ ಬೇರೆ. ಅವರು ಕಂಡ ಕೆಲಸ, ತಾರೀಖು, ನೆನಪಿಗೆ ಒಂದೆರಡು ಪ್ರಸಂಗ, ಯಾವ ಕೋರ್ಸಿಗೆ ಯಾಕೆ ಹೋಗುತ್ತಿದ್ದಾಳೆ ಎಂಬ ನಾಲ್ಕು ಸಾಲು. ಒಂದೇ ಒಂದು ಗುಣವಾಚಕ ಇರಬಾರದು. ಇಡೀ ಎಸ್‌ಒಪಿ ಕೊಡಬೇಡ ಎಂದೆ. ಕೊಟ್ಟರೆ ಅದರ ವಾಕ್ಯಗಳು ಪತ್ರಕ್ಕೆ ಇಳಿಯುತ್ತವೆ. ಕೇಳಿದರೆ ಕೊಡು, ಇಂಥ ಭಾಗ ನಾನು ಬರೆದಿದ್ದೇನೆ ಎಂದು ಹೇಳಿಯೇ ಕೊಡು.

ಗೈಡ್ ಒಪ್ಪಿ ತಾವೇ ಬರೆದರು. ಎಚ್‌ಒಡಿ "ಇಷ್ಟೆಲ್ಲ ಯಾರು ಟೈಪ್ ಮಾಡ್ತಾರೆ" ಅಂದರಂತೆ. ಕೊನೆಗೆ ಅವರು ಬಾಯಲ್ಲಿ ಹೇಳಿದ್ದನ್ನು ವಿಭಾಗದ ಕಿರಿಯ ಉಪನ್ಯಾಸಕರೊಬ್ಬರು ಟೈಪ್ ಮಾಡಿಕೊಟ್ಟರು. ಎಸ್‌ಒಪಿಯಲ್ಲಿ ಅನುಭವ "ಇಂಟರ್ನ್‌ಶಿಪ್ ಸೇರಿ 19 ತಿಂಗಳು" ಆಯಿತು. ಮ್ಯಾನೇಜರ್ ಹತ್ತಿರ ಸಂಶೋಧನೆಯ ವಿಷಯ ಹೇಳಲು ಅವಳಿಗೆ ಅಳುಕಿತ್ತು. ಹೇಳಿದ ಮೇಲೆ ಅವರು "ನಮ್ಮಲ್ಲಿಗೇ ಬರುತ್ತಾಳೆ" ಎಂಬುದನ್ನು ತೆಗೆದು, ಒಂದು ಎಸ್‌ಟಿಪಿಯಲ್ಲಿ ಕೆಸರು ಯಾಕೆ ತೇಲುತ್ತಿದೆ ಎಂದು ಅವಳು ಪತ್ತೆಮಾಡಿದ್ದನ್ನು ಬರೆಯುತ್ತೇನೆ ಎಂದರಂತೆ.

ಅವರ ಮೊದಲ ಪ್ರತಿಯಲ್ಲಿ "ಮೀಟಿಂಗುಗಳಲ್ಲಿ ಮಾತು ಕಡಿಮೆ" ಎಂಬ ಸಾಲೂ ಇತ್ತು. ಅದನ್ನೂ ತೆಗೆಸಬಹುದಾ ಎಂದು ಕೇಳಿದಳು. ಎಸ್‌ಒಪಿಯಲ್ಲಿ ನೀನು ದೊಡ್ಡ ಮಾತುಗಾರ್ತಿ ಎಂದು ಎಲ್ಲೂ ಬರೆದಿಲ್ಲವಲ್ಲ, ಇರಲಿ ಬಿಡು ಎಂದೆ.